ಚಕ್ಕೆ ಎಬ್ಬಿಸುವುದು ಹೇಗೆ, ಚಕ್ಕೆ ಓದುವುದು ಹೇಗೆ

ಹಳೆ ಶಿಲಾಯುಗದ ಕೈಕೊಡಲಿಯನ್ನು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ನೋಡಿದಾಗ ಹೆಚ್ಚಿನವರಿಗೆ ಅದು ಒಂದು ಚೂಪಾದ ಕಲ್ಲು, ಅಷ್ಟೇ. ನನಗೂ ಮೊದಲು ಹಾಗೇ ಇತ್ತು. ಆಮೇಲೆ ಒಂದು ದಿನ ಕೈಯಲ್ಲಿ ಗುಂಡುಕಲ್ಲು ಹಿಡಿದು ಇನ್ನೊಂದು ಕಲ್ಲನ್ನು ಹೊಡೆದೆ. ಇಪ್ಪತ್ತು ಏಟಿಗೂ ಏನೂ ಏಳಲಿಲ್ಲ. ಬರೀ ಪುಡಿ ಉದುರಿತು. ಅಂಗೈ ಜುಮ್ಮೆಂದಿತು. ಆಗ ಆ ಪೆಟ್ಟಿಗೆಯಲ್ಲಿದ್ದ ಕಲ್ಲು ಬೇರೆಯೇ ಆಗಿ ಕಾಣತೊಡಗಿತು. ಅದರ ಮೈಮೇಲಿನ ಒಂದೊಂದು ಕುಳಿಯೂ ಯಾರೋ ಯೋಚಿಸಿ ಕೊಟ್ಟ ಒಂದು ಏಟು.

ಆ ಏಟು ಕೊಡುವುದು ಹೇಗೆ, ಅದರ ಗುರುತನ್ನು ಓದುವುದು ಹೇಗೆ, ಕಾಲ ಕಳೆದಂತೆ ಏಟು ಕೊಡುವ ರೀತಿ ಬದಲಾದದ್ದು ನಮಗೆ ಏನು ಹೇಳುತ್ತದೆ ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಉದಾಹರಣೆಗೆ ನಮ್ಮದೇ ಯಾದಗಿರಿ ಜಿಲ್ಲೆಯ ಒಂದು ಜಾಗವನ್ನು ಹಿಡಿದುಕೊಂಡಿದ್ದೇನೆ.

## ಮೊದಲು ಕಣ್ಣು, ಉಸಿರು, ಕೈ

ಕನ್ನಡಕ ಹಾಕದೆ ಒಂದು ಏಟೂ ಹೊಡೆಯಬೇಡಿ. ವೆಲ್ಡಿಂಗ್ ಅಂಗಡಿಯವರು ಬಳಸುವ, ಪಕ್ಕವೂ ಮುಚ್ಚುವ ಪಾರದರ್ಶಕ ಕನ್ನಡಕ ಸಾಕು. ಚೂರು ಯಾವ ಕಡೆ ಹಾರುತ್ತದೆ ಎಂದು ಹೇಳಲು ಆಗುವುದಿಲ್ಲ. ಚಪ್ಪಲಿ ಬೇಡ, ಬೂಟು ಹಾಕಿ. ತೊಡೆಯ ಮೇಲೆ ದಪ್ಪ ಚರ್ಮ ಇಲ್ಲವೇ ನಾಲ್ಕು ಮಡಿಕೆ ಗೋಣಿಚೀಲ ಹಾಸಿಕೊಳ್ಳಿ.

ಕಲ್ಲಿನ ದೂಳು ಇನ್ನೂ ಕೆಟ್ಟದ್ದು. ಚಕಮಕಿ ಜಾತಿಯ ಕಲ್ಲುಗಳಲ್ಲಿ ಸಿಲಿಕಾ ತುಂಬಿರುತ್ತದೆ. ಅದರ ನುಣ್ಣನೆ ಪುಡಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಕ್ವಾರಿ ಕೆಲಸಗಾರರಿಗೆ ಬರುವ ಸಿಲಿಕೋಸಿಸ್ ಕಾಯಿಲೆಗೆ ಇದೇ ಕಾರಣ. ಆದ್ದರಿಂದ ಬಯಲಲ್ಲೇ ಕೂರಿ, ಗಾಳಿಗೆ ಬೆನ್ನು ಮಾಡಬೇಡಿ, ಗಾಳಿ ಪಕ್ಕದಿಂದ ಬೀಸಿ ದೂಳನ್ನು ಒಯ್ಯುವಂತೆ ಕೂರಿ, ಎನ್‌-95 ಮಾಸ್ಕ್ ಹಾಕಿ. ಕೆಳಗೆ ಟಾರ್ಪಾಲು ಹಾಸಿ. ಅದು ಯಾಕೆ ಎನ್ನುವುದು ಕೊನೆಯಲ್ಲಿ ಬರುತ್ತದೆ.

ಇಷ್ಟೆಲ್ಲಾ ಹೇಳುವುದಕ್ಕೆ ಕಾರಣವಿದೆ. ಎರಡನೇ ವಾರದಲ್ಲೇ ನನ್ನ ಎಡಗೈ ಹೆಬ್ಬೆರಳಿನ ಬುಡ ಸೀಳಿತು. ಕಲ್ಲನ್ನು ಬರಿಗೈಯಲ್ಲಿ ಹಿಡಿದಿದ್ದೆ. ಎದ್ದ ಚಕ್ಕೆ ಅಂಗೈ ಒಳಗೇ ಜಾರಿತು. ನೋವೇ ಆಗಲಿಲ್ಲ, ರಕ್ತ ನೋಡಿದ ಮೇಲೆ ಗೊತ್ತಾಯಿತು. ಆಗಷ್ಟೇ ಎದ್ದ ಚಕ್ಕೆಯ ಅಂಚು ಹೊಸ ಬ್ಲೇಡಿನಷ್ಟೇ ಚೂಪು. ಈಗ ಎಡಗೈಗೆ ಚರ್ಮದ ಗ್ಲೌಸ್ ಇಲ್ಲದೆ ಕೂರುವುದಿಲ್ಲ.

## ಯಾವ ಕಲ್ಲು?

ಎಲ್ಲ ಕಲ್ಲೂ ಚಕ್ಕೆ ಕೊಡುವುದಿಲ್ಲ. ಮನೆ ಮುಂದಿನ ಗ್ರಾನೈಟ್ ಚೂರನ್ನು ಹೊಡೆದು ನೋಡಿ. ಅದು ಹರಳು ಹರಳಾಗಿ ಉದುರುತ್ತದೆ. ಒಳಗಿನ ಹರಳುಗಳು ದಪ್ಪ, ಬಿರುಕು ಒಂದೊಂದು ಹರಳಿನ ಸುತ್ತ ಬಳಸಿಕೊಂಡು ಹೋಗುತ್ತದೆ. ನಮಗೆ ಬೇಕಾದ್ದು ಬಿರುಕು ಎಲ್ಲೂ ತಡೆಯಿಲ್ಲದೆ, ಗಾಜಿನೊಳಗೆ ಹೋದಂತೆ ಸಲೀಸಾಗಿ ಹೋಗುವ ಕಲ್ಲು. ಒಳಗೆಲ್ಲ ಒಂದೇ ಸಮ ಇರಬೇಕು. ಪದರ ಇರಬಾರದು. ಗಟ್ಟಿ ಇರಬೇಕು, ಹಾಗೇ ಒಡೆಯಲೂ ಬೇಕು.

ಗಾಜು ಇದಕ್ಕೆ ಸರಿಯಾದ ಮಾದರಿ. ಜ್ವಾಲಾಮುಖಿಯ ಗಾಜಾದ ಅಬ್ಸಿಡಿಯನ್ ಎಲ್ಲಕ್ಕಿಂತ ಚೆನ್ನಾಗಿ ಒಡೆಯುತ್ತದೆ, ಆದರೆ ನಮ್ಮ ಕಡೆ ಅದು ಸಿಗುವುದಿಲ್ಲ. ನಮ್ಮಲ್ಲಿ ಚೆರ್ಟ್, ಕ್ವಾರ್ಟ್‌ಜೈಟ್, ಅಗೇಟ್ ಜಾತಿಯ ಕಲ್ಲು, ಕೆಲವು ಕಡೆ ಸಿಲಿಕಾ ಸೇರಿದ ಗಟ್ಟಿ ಸುಣ್ಣದ ಕಲ್ಲು ಇವೆ. ಕಲಿಯುವವರಿಗೆ ಒಡೆದ ಪಿಂಗಾಣಿ ಸಿಂಕಿನ ದಪ್ಪ ತುಂಡು ಒಳ್ಳೆಯದು. ಗುಜರಿ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ಬಿಳಿ ಬಣ್ಣವಾದ್ದರಿಂದ ಏಟಿನ ಗುರುತೂ ಚೆನ್ನಾಗಿ ಕಾಣುತ್ತದೆ.

ಕಲ್ಲನ್ನು ಆರಿಸುವಾಗ ಕಿವಿಯನ್ನೂ ಬಳಸಿ. ಸಡಿಲವಾಗಿ ಬೆರಳುಗಳ ಮೇಲೆ ಇಟ್ಟುಕೊಂಡು ಇನ್ನೊಂದು ಕಲ್ಲಿನಿಂದ ಮೆಲ್ಲಗೆ ತಟ್ಟಿ. ಟಣ್ ಎಂದರೆ ಒಳಗೆ ಬಿರುಕಿಲ್ಲ. ದಬ್ ಎಂದರೆ ಬಿಟ್ಟುಬಿಡಿ. ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದೇ ಅಲ್ವಾ?

ಹೊಡೆಯುವ ಕಲ್ಲು ಬೇರೆ ಥರ ಇರಬೇಕು. ಹೊಳೆಯಲ್ಲಿ ಉರುಳಿ ನುಣುಪಾದ, ಮೊಟ್ಟೆಯಾಕಾರದ, ಮುನ್ನೂರರಿಂದ ಐನೂರು ಗ್ರಾಂ ತೂಗುವ ಗುಂಡುಕಲ್ಲು ಶುರುವಿಗೆ ಸಾಕು. ಹೊಡೆಸಿಕೊಳ್ಳುವ ಕಲ್ಲು ಒಂದೆರಡು ಕಿಲೋ ಇದ್ದರೆ ಹಿಡಿಯಲು ಸುಲಭ. ಹೊಡೆಸಿಕೊಳ್ಳುವ ಕಲ್ಲನ್ನು ಪುರಾತತ್ವದವರು ತಿರುಳುಗಲ್ಲು ಎನ್ನುತ್ತಾರೆ. ನಾನು ತಾಯಿಗಲ್ಲು ಎನ್ನುತ್ತೇನೆ, ಚಕ್ಕೆಗಳೆಲ್ಲ ಅದರಿಂದಲೇ ಹುಟ್ಟುವುದರಿಂದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಕಲ್ಲಿನ ಆಯುಧ ಸಿಗುವ ಜಾಗದಿಂದ ಅಭ್ಯಾಸಕ್ಕೆ ಕಲ್ಲು ತರಬೇಡಿ. ಅಲ್ಲಿ ಬಿದ್ದಿರುವ ಸಾಧಾರಣ ಚೂರಿಗೂ ಅದು ಬಿದ್ದಿರುವ ಜಾಗದಿಂದಲೇ ಬೆಲೆ.

## ಏಟು

ತಾಯಿಗಲ್ಲಿನಲ್ಲಿ ಮೊದಲು ಒಂದು ಚಪ್ಪಟೆ ಮುಖ ಹುಡುಕಿ. ಏಟು ಬೀಳುವುದು ಅದರ ಮೇಲೆ. ಆ ಮುಖದ ಅಂಚಿನಲ್ಲಿ ಕಲ್ಲು ಒಳಮುಖವಾಗಿ ಕೆಳಗೆ ಇಳಿದಿರಬೇಕು. ಅಂದರೆ ಮೇಲಿನ ಮುಖಕ್ಕೂ ಪಕ್ಕದ ಮುಖಕ್ಕೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು. ಅರವತ್ತರಿಂದ ಎಂಬತ್ತರ ನಡುವೆ ಇದ್ದರೆ ಹದ. ಸರಿಯಾಗಿ ಚೌಕದ ಅಂಚು, ಇಲ್ಲವೇ ಗುಂಡಗಿರುವ ಅಂಚು, ಎಷ್ಟೇ ಬಲ ಹಾಕಿದರೂ ಚಕ್ಕೆ ಕೊಡುವುದಿಲ್ಲ. ನನ್ನ ಮೊದಲ ಇಪ್ಪತ್ತು ಏಟು ವ್ಯರ್ಥವಾದದ್ದು ಇದಕ್ಕೇ. ಬಲ ಸಾಲದು ಅಂದುಕೊಂಡಿದ್ದೆ. ತಪ್ಪು ಕೋನದಲ್ಲಿತ್ತು.

ಈಗ ಎಡತೊಡೆಯ ಮೇಲೆ ತಾಯಿಗಲ್ಲನ್ನು ಇಡಿ. ಅಂಚು ಹೊರಗಡೆ ಇರಲಿ. ಹೊಡೆಯುವ ಜಾಗ ಅಂಚಿನಿಂದ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಒಳಗೆ ಇರಲಿ. ಸರಿಯಾಗಿ ಅಂಚಿಗೇ ಹೊಡೆದರೆ ಅದು ಪುಡಿಯಾಗುತ್ತದೆ. ತೀರಾ ಒಳಗೆ ಹೊಡೆದರೆ ಏನೂ ಏಳುವುದಿಲ್ಲ, ಇಲ್ಲವೇ ಕಲ್ಲೇ ಎರಡು ಹೋಳಾಗುತ್ತದೆ.

ಇನ್ನೊಂದು ಗುಟ್ಟು ಏಣು. ಕಲ್ಲಿನ ಪಕ್ಕದ ಮುಖದಲ್ಲಿ ಮೇಲಿಂದ ಕೆಳಗೆ ಉಬ್ಬಿದ ಗೆರೆಯಂಥ ಏಣು ಇದ್ದರೆ ಬಿರುಕು ಅದನ್ನು ಹಿಡಿದುಕೊಂಡು ಇಳಿಯುತ್ತದೆ, ಗದ್ದೆಯ ಬದುವಿನ ಮೇಲೆ ನಾವು ನಡೆಯುವ ಹಾಗೆ. ಆದ್ದರಿಂದ ಏಣಿನ ನೇರಕ್ಕೆ ಮೇಲೆ ಹೊಡೆಯಿರಿ. ಚಪ್ಪಟೆ ಇರುವ ಕಡೆ ಹೊಡೆದರೆ ಚಕ್ಕೆ ಅಗಲವಾಗಿ, ಗಿಡ್ಡಗೆ ಬಂದು ನಿಂತುಬಿಡುತ್ತದೆ.

ಮುಂಗೈಯಿಂದ ಬೀಸಿ. ಹೊಡೆದ ಮೇಲೆ ಕೈಯನ್ನು ತಡೆಯಬೇಡಿ, ಮುಂದಕ್ಕೆ ಹೋಗಲು ಬಿಡಿ. ಏಟು ನೇರ ಕೆಳಗಲ್ಲ, ಸ್ವಲ್ಪ ಓರೆಯಾಗಿ ಹೊರಗಡೆಗೆ. ಸರಿಯಾಗಿ ಬಿದ್ದರೆ ಸದ್ದೇ ಬೇರೆ. ಟಕ್ ಎಂದು ಒಣ ಸದ್ದು, ಜೊತೆಗೆ ಕೆಳಗಿನ ಚರ್ಮದ ಮೇಲೆ ಏನೋ ಬಿದ್ದ ಹಗುರ ಸದ್ದು. ಅದೇ ಚಕ್ಕೆ.

## ಎದ್ದ ಚಕ್ಕೆಯನ್ನು ಓದಿ

ಚಕ್ಕೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಬೆಳಗಿನ ಇಲ್ಲವೇ ಸಂಜೆಯ ಬೆಳಕು ಒಳ್ಳೆಯದು. ತಾಯಿಗಲ್ಲಿಗೆ ಅಂಟಿಕೊಂಡಿದ್ದ ಒಳಮುಖವನ್ನು ನೋಡಿ. ಮೇಲ್ತುದಿಯಲ್ಲಿ ಏಟು ಬಿದ್ದ ಪುಟ್ಟ ಚಪ್ಪಟೆ ಜಾಗ ಇರುತ್ತದೆ. ಅದರ ಕೆಳಗೇ ಒಂದು ಉಬ್ಬು, ಬೆರಳಲ್ಲಿ ಸವರಿದರೆ ಸಿಗುತ್ತದೆ. ಅಲ್ಲಿಂದ ಕೆಳಕ್ಕೆ, ಕೆರೆಗೆ ಕಲ್ಲೆಸೆದಾಗ ಏಳುವಂಥ ಅಲೆಗಳು. ಅಲೆಗಳ ನಡು ಎಲ್ಲಿದೆಯೋ ಏಟು ಬಿದ್ದದ್ದು ಅಲ್ಲಿ. ಸಾವಿರಾರು ವರ್ಷ ಹಳೆಯ ಚಕ್ಕೆಯಲ್ಲೂ ಇದು ಹಾಗೇ ಇರುತ್ತದೆ. ಅಂದರೆ ಆ ಮನುಷ್ಯ ಎಲ್ಲಿಗೆ ಹೊಡೆದ ಎಂದು ಬೆರಳಿಟ್ಟು ತೋರಿಸಬಹುದು.

ಈಗ ತಿರುಗಿಸಿ ಹೊರಮುಖ ನೋಡಿ. ನಾನು ಜಾಸ್ತಿ ಹೊತ್ತು ನೋಡುವುದು ಈ ಕಡೆಯನ್ನೇ. ಇಲ್ಲಿ ಕಲ್ಲಿನ ಹಳೆಯ ಸಿಪ್ಪೆ ಪೂರ್ತಿ ಇದ್ದರೆ ಇದು ಆ ಕಲ್ಲಿನಿಂದ ಎದ್ದ ಮೊದಮೊದಲ ಚಕ್ಕೆಗಳಲ್ಲಿ ಒಂದು. ಸಿಪ್ಪೆ ಇಲ್ಲದೆ ಹಿಂದಿನ ಚಕ್ಕೆಗಳ ಕುಳಿಗಳು ಇದ್ದರೆ ಇದು ನಂತರದ್ದು. ಕುಳಿಗಳು ಎಷ್ಟು, ಯಾವ ಕಡೆಯಿಂದ ಬಂದಿವೆ ಎಂದು ಎಣಿಸಿ. ಒಂದು ಚಕ್ಕೆಯ ಬೆನ್ನಿನ ಮೇಲೆ ಅದಕ್ಕಿಂತ ಮುಂಚಿನ ನಾಲ್ಕೈದು ಏಟುಗಳ ಲೆಕ್ಕ ಬರೆದಿರುತ್ತದೆ.

ತಪ್ಪುಗಳೂ ಕಾಣುತ್ತವೆ. ಚಕ್ಕೆಯ ಕೆಳತುದಿ ಗರಿಯಂತೆ ತೆಳುವಾಗಿ ಮುಗಿದರೆ ಏಟು ಸರಿ. ಮೆಟ್ಟಿಲಿನಂತೆ ತಟ್ಟನೆ ಮುರಿದಿದ್ದರೆ ಬಲ ನಡುವೆಯೇ ಮುಗಿದಿದೆ, ಇಲ್ಲವೇ ಒಳಗೆ ಬಿರುಕಿತ್ತು. ತುದಿ ದುಂಡಗೆ ಹೊರಗೆ ಬಾಗಿದ್ದರೆ ಏಟು ತೀರಾ ಹೊರಮುಖವಾಗಿತ್ತು. ಇಂಥ ಮೆಟ್ಟಿಲು ತಾಯಿಗಲ್ಲಿನ ಮೇಲೆ ಉಳಿದರೆ ಮುಂದಿನ ಚಕ್ಕೆಯೂ ಅಲ್ಲೇ ಬಂದು ನಿಲ್ಲುತ್ತದೆ. ಕೋಪದಲ್ಲಿ ಮತ್ತೆ ಮತ್ತೆ ಅಲ್ಲೇ ಹೊಡೆದರೆ ಮೆಟ್ಟಿಲ ಮೇಲೆ ಮೆಟ್ಟಿಲು ಏರಿ ಕಲ್ಲು ಕೆಡುತ್ತದೆ. ಕಲ್ಲನ್ನು ತಿರುಗಿಸಿ ಎದುರು ಕಡೆಯಿಂದ ಚಕ್ಕೆ ಎಬ್ಬಿಸಿ ಆ ಗುಬುಟನ್ನು ತೆಗೆಯಬೇಕು. ಹಳೆಯ ನೆಲೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಟ್ಟು ಎಸೆದ ಕಲ್ಲುಗಳು ಸಿಗುತ್ತವೆ. ಪಕ್ಕದಲ್ಲೇ ಪಳಗಿದ ಕೈಯ ಕೆಲಸವೂ ಸಿಕ್ಕರೆ ಅಲ್ಲಿ ಯಾರೋ ಕಲಿಯುತ್ತಿದ್ದರು ಎಂದು ಊಹಿಸಬಹುದು.

ಉಬ್ಬು, ಅಲೆ ಕಂಡ ಕೂಡಲೇ ಅದು ಆದಿಮಾನವನದೇ ಎಂದು ಹೇಳಬೇಡಿ. ಜಲ್ಲಿ ಕ್ರಷರಿನಲ್ಲೂ ಇಂಥ ಚಕ್ಕೆ ಬೀಳುತ್ತವೆ. ಟ್ರ್ಯಾಕ್ಟರಿನ ನೇಗಿಲು ತಾಗಿದರೂ ಏಳುತ್ತವೆ. ಬ್ರೆಜಿಲ್‌ನ ಸೆರಾ ಡ ಕಪಿವಾರ ಕಾಡಿನಲ್ಲಿ ಕಪುಚಿನ್ ಕೋತಿಗಳು ಕಲ್ಲಿನಿಂದ ಕಲ್ಲನ್ನು ಕುಟ್ಟುತ್ತವೆ. ಆಗ ಏಳುವ ಚಕ್ಕೆಗಳು ಅತಿ ಹಳೆಯ ಆಯುಧಗಳಂತೆಯೇ ಕಾಣುತ್ತವೆ ಎಂದು 2016ರಲ್ಲಿ ಸಂಶೋಧಕರು ತೋರಿಸಿದರು. ಆ ಕೋತಿಗಳು ಚಕ್ಕೆಯನ್ನು ಬಳಸುವುದನ್ನು ಅವರು ನೋಡಲಿಲ್ಲ. ಹಾಗಾದರೆ ಮನುಷ್ಯನ ಕೈ ಎಂದು ಹೇಳುವುದು ಹೇಗೆ? ಒಂದೇ ಚಕ್ಕೆಯಿಂದ ಆಗುವುದಿಲ್ಲ. ಒಂದು ಕುಳಿ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿದೆಯೇ ಎಂದು ನೋಡಬೇಕು. ಅದಕ್ಕೆ ಕೈಕೊಡಲಿಯ ಕಡೆ ಹೋಗೋಣ.

## ಇಸಾಂಪುರದ ಕಲ್ಲುಹಾಸು

ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೂರಾರು ನೆಲೆಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ಇಲ್ಲಿ ಕೆಲಸ ಮಾಡಿದರು. ಅದರಲ್ಲಿ ಇಸಾಂಪುರ ಒಂದು. 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ಕಪ್ಪು ಮಣ್ಣಿನ ಕೆಳಗೆ, ಸುಣ್ಣದ ಕಲ್ಲಿನ ಹಾಸಿನ ಮೇಲೆ, ಕಲ್ಲು ಒಡೆದವರು ಎದ್ದು ಹೋದ ಹಾಗೇ ಎಲ್ಲ ಬಿದ್ದಿತ್ತು. ಪ್ರಾಣಿಗಳ ಹಲ್ಲಿನ ಎನಾಮೆಲ್ ಪರೀಕ್ಷಿಸಿ ಕಟ್ಟಿದ ಕಾಲ ಸುಮಾರು 12 ಲಕ್ಷ ವರ್ಷ. ಅವರು ನಮ್ಮ ಜೀವಿಜಾತಿಯಾದ ಹೋಮೋ ಸೇಪಿಯನ್ಸ್ ಅಲ್ಲ. ನಮ್ಮ ಜಾತಿ ಹುಟ್ಟುವುದಕ್ಕೆ ಆಗ ಇನ್ನೂ ಬಹಳ ಕಾಲ ಬಾಕಿ ಇತ್ತು.

ಅಲ್ಲಿನ ಕಲ್ಲು ಹಾಸುಹಾಸಾಗಿ ಏಳುವ, ಸಿಲಿಕಾ ಸೇರಿ ಗಟ್ಟಿಯಾದ ಸುಣ್ಣದ ಕಲ್ಲು. ನಮ್ಮ ಹಳೆ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಕೂಡ ಭೀಮಾ ಕೊಳ್ಳದ ಇದೇ ಬಳಗದ್ದು. ಆ ಕಲ್ಲಿನ ಚಪ್ಪಡಿಯನ್ನು ನೆನಪು ಮಾಡಿಕೊಳ್ಳಿ. ಮೇಲೆ ಕೆಳಗೆ ಚಪ್ಪಟೆ, ಅಂಚು ನೆಟ್ಟಗೆ ಚೌಕ. ಈಗಷ್ಟೇ ಹೇಳಿದೆನಲ್ಲ, ಚೌಕದ ಅಂಚು ಚಕ್ಕೆ ಕೊಡುವುದಿಲ್ಲ ಎಂದು. ಹಾಗಾದರೆ ಅಂಥ ಚಪ್ಪಡಿಯಿಂದ ಕೈಕೊಡಲಿ ಮಾಡುವುದು ಹೇಗೆ?

ಮೊದಲು ದಪ್ಪ ನೋಡಿ ಚಪ್ಪಡಿ ಆರಿಸಬೇಕು. ತೀರಾ ತೆಳುವಾದದ್ದು ಏಟಿಗೆ ನಡುವೆ ಮುರಿಯುತ್ತದೆ. ತೀರಾ ದಪ್ಪದ್ದನ್ನು ತೆಳು ಮಾಡುವಷ್ಟರಲ್ಲಿ ಅಗಲವೇ ಮುಗಿದಿರುತ್ತದೆ. ಇಸಾಂಪುರದವರು ಬಿರುಕು ಬಿಟ್ಟ ಹಾಸಿನಿಂದ ಬೇಕಾದ ದಪ್ಪದ ಚಪ್ಪಡಿಗಳನ್ನೇ ಎಬ್ಬಿಸಿಕೊಳ್ಳುತ್ತಿದ್ದರು. ತೆಳುವಾದವುಗಳಿಂದ ಚಕ್ಕೆ ತೆಗೆದು ನೇರವಾಗಿ ಕೈಕೊಡಲಿ ಮಾಡಬಹುದಿತ್ತು. ದಪ್ಪ ಚಪ್ಪಡಿಯಿಂದ ಅಂಗೈಗಿಂತ ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯನ್ನೇ ಆಯುಧಕ್ಕೆ ತಿದ್ದಬಹುದಿತ್ತು. ಅಗಲ ಬಾಯಿಯ ಸೀಳುಗತ್ತಿಗೆ ಅದು ತಕ್ಕ ದಾರಿ, ಏಕೆಂದರೆ ದೊಡ್ಡ ಚಕ್ಕೆಯ ಹುಟ್ಟು ಅಂಚನ್ನೇ ಬಾಯಿಯಾಗಿ ಉಳಿಸಿಕೊಳ್ಳಬಹುದು.

ಚಪ್ಪಡಿ ಆರಿಸಿದ ಮೇಲೆ ಅದರ ಮೂಲೆ ಹುಡುಕಿ. ನೇರ ಅಂಚಿನಲ್ಲಿ ಕೋನ ಸಿಗದಿದ್ದರೂ ಮೂಲೆಯಲ್ಲಿ, ಇಲ್ಲವೇ ಮಳೆಗೆ ಸವೆದು ಓರೆಯಾದ ಕಡೆ, ಸಿಗುತ್ತದೆ. ಅಲ್ಲಿ ಜೋರಾಗಿ ಒಂದು ಏಟು. ಚಕ್ಕೆ ಏಳುತ್ತದೆ, ಕಲ್ಲಿನ ಮೇಲೆ ಒಂದು ಕುಳಿ ಉಳಿಯುತ್ತದೆ. ಈಗ ಕಲ್ಲನ್ನು ಮಗುಚಿ ಹಾಕಿ. ಆ ಕುಳಿಯ ಓರೆ ಮುಖ ಈಗ ಮೇಲೆ ಬಂತು. ಮುಂದಿನ ಏಟು ಅದರ ಮೇಲೆ. ಈ ಕಡೆ ಚಕ್ಕೆ ಎದ್ದಿತು, ಇನ್ನೊಂದು ಕುಳಿ ಆಯಿತು. ಮತ್ತೆ ಮಗುಚಿ, ಪಕ್ಕದಲ್ಲಿ ಇನ್ನೊಂದು. ಹೀಗೆ ಈ ಕಡೆ ಒಂದು, ಆ ಕಡೆ ಒಂದು ಎಂದು ಹೋದರೆ ಚೌಕದ ಅಂಚು ಹಾವಿನಂತೆ ಅಂಕುಡೊಂಕಾದ ಚೂಪು ಅಂಚಾಗುತ್ತದೆ.

ಈ ಕೆಲಸದಲ್ಲಿ ಪ್ರತಿ ಏಟೂ ಒಂದು ಚಕ್ಕೆ ತೆಗೆಯುತ್ತದೆ, ಜೊತೆಗೆ ಮುಂದಿನ ಏಟಿಗೆ ಜಾಗ ಮಾಡುತ್ತದೆ. ಮೂರನೇ ಏಟು ಎಲ್ಲಿಗೆ ಎಂದು ಮೊದಲ ಏಟಿನಲ್ಲೇ ಯೋಚಿಸದಿದ್ದರೆ ನಾಲ್ಕನೆಯದಕ್ಕೆ ಕೋನ ಸಿಗುವುದಿಲ್ಲ. ಕೈಕೊಡಲಿಯ ಅಂಚಿನಲ್ಲಿ ಕಾಣುವ ಅಂಕುಡೊಂಕು ಕ್ರಷರಿನಲ್ಲೂ ಆಗುವುದಿಲ್ಲ, ಕೋತಿಯಿಂದಲೂ ಆಗುವುದಿಲ್ಲ.

ಸುತ್ತ ಅಂಚಾದ ಮೇಲೆ ತೆಳು ಮಾಡುವ ಕೆಲಸ. ಇಲ್ಲಿ ಚಕ್ಕೆ ಅಂಚಿನಿಂದ ಹೊರಟು ಕಲ್ಲಿನ ನಡುಗೆರೆಯನ್ನು ದಾಟಬೇಕು. ದಾಟದಿದ್ದರೆ ಅಂಚು ಮಾತ್ರ ಕರಗುತ್ತದೆ, ನಡು ಹಾಗೇ ಗುಡ್ಡದಂತೆ ಉಳಿಯುತ್ತದೆ. ಕಲಿಯುವವರ ಕೈಕೊಡಲಿಗಳೆಲ್ಲ ಹೀಗೇ ಆಮೆಯ ಬೆನ್ನಾಗುತ್ತವೆ. ನನ್ನ ಮೊದಲ ಹನ್ನೆರಡೂ ಹಾಗೇ ಆದವು. ಇದಕ್ಕೆ ಏಟಿಗೆ ಮುಂಚೆ ಅಂಚನ್ನು ಒರಟು ಕಲ್ಲಿನಿಂದ ಗಸಗಸ ಉಜ್ಜಿ ಗಟ್ಟಿ ಮಾಡಿಕೊಳ್ಳಬೇಕು. ಚೂಪಾಗಿ ತೆಳುವಾಗಿರುವ ಅಂಚು ಏಟನ್ನು ತಾಳದೆ ಪುಡಿಯಾಗುತ್ತದೆ. ಸ್ವಲ್ಪ ಮೊಂಡಾದ ಅಂಚು ಬಲವನ್ನು ಒಳಗೆ ಕಳಿಸುತ್ತದೆ. ಚೂಪು ಮಾಡಲು ಹೊರಟು ಮೊದಲು ಮೊಂಡು ಮಾಡುವುದು ವಿಚಿತ್ರ ಎನಿಸುತ್ತದೆ, ಆದರೆ ಬೇರೆ ದಾರಿಯಿಲ್ಲ. ಹಳೆಯ ಕೈಕೊಡಲಿಗಳು ದಪ್ಪ, ಕುಳಿಗಳು ಕಡಿಮೆ ಮತ್ತು ಆಳ. ನಂತರದ ಕಾಲದವು ತೆಳು, ಕುಳಿಗಳು ಹೆಚ್ಚು ಮತ್ತು ಮೇಲುಮೇಲೆ. ಕೊಂಬು, ಮರದಂಥ ಮೆತ್ತನೆ ಸುತ್ತಿಗೆಯನ್ನೂ ಬಳಸಲು ಶುರುಮಾಡಿದ್ದು ಈ ತೆಳುವಿಗೆ ಒಂದು ಕಾರಣ. ಕೊಂಬಿನ ಏಟಿಗೆ ಎದ್ದ ಚಕ್ಕೆಯಲ್ಲಿ ಉಬ್ಬು ಅಷ್ಟಾಗಿ ಕಾಣುವುದಿಲ್ಲ, ಏಟಿನ ಜಾಗದಲ್ಲಿ ಸಣ್ಣ ತುಟಿಯಂತೆ ಮಡಿಕೆ ಇರುತ್ತದೆ.

ಇಸಾಂಪುರದಲ್ಲಿ ಆಯುಧಗಳಿಗಿಂತ ಉಳಿದ ಚೂರುಗಳೇ ಹೆಚ್ಚು ಮಾತಾಡುತ್ತವೆ. ಒಡೆಯಲು ಎಬ್ಬಿಸಿದ ಚಪ್ಪಡಿ, ಅರ್ಧ ಮಾಡಿ ಬಿಟ್ಟದ್ದು, ಮುಗಿಸಿದ್ದು, ಚಕ್ಕೆಗಳ ರಾಶಿ, ಹೊಡೆಯಲು ಬಳಸಿದ ಗುಂಡುಕಲ್ಲು ಎಲ್ಲವೂ ಒಂದೇ ಕಡೆ ಇವೆ. ಆ ಗುಂಡುಕಲ್ಲುಗಳು ಸುಣ್ಣದ ಕಲ್ಲಿನವಲ್ಲ. ಬಸಾಲ್ಟ್, ಕ್ವಾರ್ಟ್‌ಜೈಟ್, ಚೆರ್ಟ್. ಹಾಸಿನ ಕಲ್ಲಿಗಿಂತ ಗಟ್ಟಿಯಾದದ್ದನ್ನು ಬೇರೆ ಕಡೆಯಿಂದ ಆರಿಸಿ ತಂದಿದ್ದಾರೆ. ಅಂದರೆ ಇಲ್ಲಿ ಒಡೆಯಲು ಒಳ್ಳೆ ಕಲ್ಲಿದೆ, ಹೊಡೆಯಲು ಇಲ್ಲ, ಬರುವಾಗ ತರಬೇಕು ಎನ್ನುವುದು ಗೊತ್ತಿತ್ತು. ಕಣಿವೆಯಲ್ಲಿ ಬೇಸಿಗೆಯಲ್ಲೂ ಬತ್ತದ ಜಲದ ಒರತೆಗಳಿದ್ದವು. ಬೇಸಿಗೆಯಲ್ಲಿ ಜನ ನೀರಿನ ಹತ್ತಿರ ಒಟ್ಟು ಸೇರಿ, ಮಳೆಗಾಲದಲ್ಲಿ ಚದುರುತ್ತಿದ್ದರು ಎನ್ನುವುದು ಪದ್ದಯ್ಯ ಅವರ ಅಂದಾಜು. ನನಗೆ ಇದು ಒಪ್ಪುವಂಥ ಮಾತು ಅನಿಸುತ್ತದೆ. ಒಂದೇ ಅಂಚಿನ ಏಟನ್ನು ಇಷ್ಟು ಜನ, ಇಷ್ಟು ಕಾಲ ಒಂದೇ ರೀತಿ ಹೊಡೆಯಬೇಕಾದರೆ ಮಕ್ಕಳು ದೊಡ್ಡವರ ಪಕ್ಕ ಕೂತು ನೋಡಬೇಕು.

## ಹೊಡೆಯುವ ಮುಂಚೆಯೇ ಆಕಾರ

ಕೈಕೊಡಲಿಯಲ್ಲಿ ತಾಯಿಗಲ್ಲೇ ಆಯುಧ, ಚಕ್ಕೆಗಳು ಕಸ. ಆಮೇಲೆ ಬಂದ ಒಂದು ವಿಧಾನದಲ್ಲಿ ಇದು ತಲೆಕೆಳಗಾಯಿತು. ಪ್ಯಾರಿಸ್ ಪಕ್ಕದ ಲೆವಲ್ವಾ ಎಂಬ ಊರಿನಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಅದೇ ಹೆಸರು. ಇಲ್ಲಿ ತಾಯಿಗಲ್ಲನ್ನು ಮುಂಚೆಯೇ ಸಿದ್ಧ ಮಾಡಿ, ಬೇಕಾದ ಆಕಾರದ ಒಂದೇ ಚಕ್ಕೆಯನ್ನು ಒಂದೇ ಏಟಿಗೆ ಎಬ್ಬಿಸುತ್ತಾರೆ.

ಮಾಡಿ ನೋಡಬೇಕೆಂದರೆ ಒಂದು ದಪ್ಪ, ದುಂಡು ಕಲ್ಲು ತೆಗೆದುಕೊಳ್ಳಿ. ಮೊದಲು ಅಂಚಿನ ಸುತ್ತ ಕೆಳಮುಖವಾಗಿ ಚಕ್ಕೆ ತೆಗೆದು ಏಟಿಗೆ ಓರೆ ಮುಖಗಳನ್ನು ಮಾಡಿಕೊಳ್ಳಿ. ನಂತರ ಆ ಮುಖಗಳಿಂದ ಮೇಲ್ಭಾಗದ ಮೇಲೆ, ಅಂಚಿನಿಂದ ನಡುವಿನ ಕಡೆಗೆ, ಸುತ್ತಲೂ ಚಕ್ಕೆ ಎಬ್ಬಿಸಿ. ಮೇಲ್ಭಾಗ ಆಮೆಯ ಚಿಪ್ಪಿನಂತೆ ಮೆಲ್ಲಗೆ ಉಬ್ಬಬೇಕು. ಆಮೇಲೆ ಒಂದು ತುದಿಯಲ್ಲಿ ಸಣ್ಣ ಸಣ್ಣ ಚೂರು ತೆಗೆದು ಏಟು ಬೀಳುವ ಜಾಗವನ್ನು ಕಟ್ಟಿ. ಕೊನೆಗೆ ಅಂಚಿನಿಂದ ಸ್ವಲ್ಪ ಜಾಸ್ತಿ ಒಳಗೆ ಒಂದು ಗಟ್ಟಿ ಏಟು. ಚಿಪ್ಪಿನ ಮೇಲ್ಭಾಗವೆಲ್ಲ ಒಂದೇ ಚಕ್ಕೆಯಾಗಿ, ಸುತ್ತಲೂ ಚೂಪು ಅಂಚಿನೊಂದಿಗೆ ಏಳುತ್ತದೆ. ಉಬ್ಬು ಸಾಲದೆ ಚಪ್ಪಟೆಯಾಗಿದ್ದರೆ ಚಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಉಬ್ಬು ಹೆಚ್ಚಾದರೆ ಬಿರುಕು ಕೆಳಗೆ ಧುಮುಕಿ ಕಲ್ಲಿನ ಎದುರು ಅಂಚನ್ನೇ ಕಿತ್ತುಕೊಂಡು ಹೋಗುತ್ತದೆ. ಹಿಂದಿನ ಹದಿನೈದು ಇಪ್ಪತ್ತು ಏಟು ಅಲ್ಲಿಗೆ ಮಣ್ಣುಪಾಲು. ನನಗೆ ಒಂದು ಸರಿಯಾಗಿ ಏಳಲು ಎಂಟು ತಿಂಗಳು ಬೇಕಾಯಿತು.

ಎದ್ದ ಚಕ್ಕೆಯ ಬೆನ್ನು ನೋಡಿ. ಸುತ್ತಲಿಂದ ನಡುವಿಗೆ ಬಂದ ಕುಳಿಗಳು ಹೂವಿನ ಎಸಳಿನಂತೆ ಕಾಣುತ್ತವೆ. ಏಟಿನ ಜಾಗ ನುಣುಪಾಗಿರದೆ ಪುಟ್ಟ ಪುಟ್ಟ ಮುಖಗಳಾಗಿರುತ್ತದೆ. ಹಳೆಯ ನೆಲೆಯಲ್ಲಿ ಇವೆರಡೂ ಒಟ್ಟಿಗೆ ಇರುವ ಚಕ್ಕೆಗಳು ಮೇಲಿಂದ ಮೇಲೆ ಸಿಕ್ಕರೆ, ಅಲ್ಲಿದ್ದವರು ಇನ್ನೂ ಕಣ್ಣಿಗೆ ಕಾಣದ ಆಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು ಎನ್ನಬಹುದು. ಇಷ್ಟು ಹಂತ ಸುಮ್ನೆ ನೋಡಿ ಕಲಿಯುವುದು ಕಷ್ಟ. ಯಾರಾದರೂ ತಡೆದು, ಇಲ್ಲಿ ಅಲ್ಲ ಅಲ್ಲಿ ಎಂದು ತೋರಿಸಬೇಕು. ಅದು ಮಾತಿನಲ್ಲೋ ಕೈಸನ್ನೆಯಲ್ಲೋ ಎಂಬುದನ್ನು ಕಲ್ಲು ಹೇಳುವುದಿಲ್ಲ.

## ಬದಲಾವಣೆಯಿಂದ ಎಷ್ಟು ಹೇಳಬಹುದು?

ಇಲ್ಲಿ ಎಚ್ಚರ ಬೇಕು. ಚೆನ್ನೈಯಿಂದ ಸುಮಾರು 60 ಕಿಲೋಮೀಟರ್ ದೂರದ ಅತ್ತಿರಂಪಾಕ್ಕಂ ಇದಕ್ಕೆ ಒಳ್ಳೆ ಪಾಠ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲೇ ಆ ಜಾಗವನ್ನು ಗುರುತಿಸಿದ್ದರು. ಶಾಂತಿ ಪಪ್ಪು, ಕುಮಾರ್ ಅಖಿಲೇಶ್ ಮತ್ತು ಅವರ ತಂಡ ಅಲ್ಲಿ ಅಗೆದಾಗ ಕೆಳಗಿನ ಪದರಗಳಲ್ಲಿ ದೊಡ್ಡ ಕೈಕೊಡಲಿಗಳು ಸಿಕ್ಕವು. ಅವು ಸುಮಾರು 15 ಲಕ್ಷ ವರ್ಷ ಹಳೆಯವು ಎಂದು 2011ರಲ್ಲಿ ಪ್ರಕಟಿಸಿದರು. ಮೇಲಿನ ಪದರಗಳಲ್ಲಿ ಕೈಕೊಡಲಿ ಕಡಿಮೆಯಾಗುತ್ತಾ, ಆಯುಧಗಳು ಸಣ್ಣದಾಗುತ್ತಾ, ಲೆವಲ್ವಾ ಚಕ್ಕೆಗಳು ಕಾಣಿಸಿಕೊಂಡವು. ಆ ಬದಲಾವಣೆಯ ಕಾಲ ಸುಮಾರು 3 ಲಕ್ಷ 85 ಸಾವಿರ ವರ್ಷ ಎಂದು 2018ರಲ್ಲಿ ತಿಳಿಯಿತು.

ಅದಕ್ಕೂ ಮುಂಚೆ ಅನೇಕರ ಲೆಕ್ಕ ಬೇರೆ ಇತ್ತು. ಲೆವಲ್ವಾ ಕೆಲಸವನ್ನು ಆಫ್ರಿಕಾದಿಂದ ಹೊರಟ ನಮ್ಮ ಜಾತಿಯ ಜನ ಬಹಳ ನಂತರ ಭಾರತಕ್ಕೆ ತಂದರು ಎನ್ನುತ್ತಿದ್ದರು. ಅತ್ತಿರಂಪಾಕ್ಕಂನ ಕಾಲ ಆ ಕಥೆಗೆ ಹೊಂದುವುದಿಲ್ಲ. ಇಲ್ಲಿದ್ದವರೇ ತಾವಾಗಿ ಈ ದಾರಿ ಕಂಡುಕೊಂಡಿರಬಹುದು, ಬೇರೆ ಕಡೆಯಿಂದ ಬಂದಿರಲೂಬಹುದು. ಅಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲ. ಹಾಗಾಗಿ ಯಾರ ಕೈ ಎಂದು ಹೇಳುವ ಹಾಗಿಲ್ಲ. ಹೊಸ ಆಯುಧ ಕಂಡ ಕೂಡಲೇ ಹೊಸ ಜನ ಬಂದರು ಎನ್ನುವುದು ಬೇಸಾಯಕ್ಕೆ ಟ್ರ್ಯಾಕ್ಟರ್ ಬಂದದ್ದನ್ನು ನೋಡಿ ಊರಿನ ಜನವೇ ಬದಲಾದರು ಎಂದಂತೆ.

ಆದ್ದರಿಂದ ಬದಲಾವಣೆ ಕಂಡಾಗ ನಾನು ಮೊದಲು ಕಲ್ಲಿನ ಜಾತಿ ನೋಡುತ್ತೇನೆ. ಕಲ್ಲು ಬದಲಾಗಿದ್ದರೆ ಆಯುಧದ ಆಕಾರವೂ ಬದಲಾಗುತ್ತದೆ, ಅದರಲ್ಲಿ ಮನಸ್ಸಿನ ಪಾತ್ರ ಇರಬೇಕೆಂದಿಲ್ಲ. ಆಮೇಲೆ ಆಯುಧ ಎಷ್ಟು ಸವೆದಿದೆ ನೋಡುತ್ತೇನೆ. ಬಳಸಿ ಬಳಸಿ ಮತ್ತೆ ಚೂಪು ಮಾಡಿದ ಕೈಕೊಡಲಿ ಸಣ್ಣದಾಗುತ್ತದೆ, ಮನೆಯ ಹಳೆ ಈಳಿಗೆಮಣೆಯ ಬಾಯಿ ಸವೆದಂತೆ. ಅದು ಬೇರೆ ಮಾದರಿ ಅಲ್ಲ. ಇವೆರಡನ್ನೂ ಕಳೆದ ಮೇಲೆ ಉಳಿಯುವ ಬದಲಾವಣೆ, ಏಟುಗಳ ಕ್ರಮದಲ್ಲಿ ಆದದ್ದು, ಮಾತ್ರ ಕಲಿಕೆಯ ಬಗ್ಗೆ ಏನಾದರೂ ಹೇಳುತ್ತದೆ.

ನಂತರದ ಬದಲಾವಣೆಗಳನ್ನು ಬೇಗ ದಾಟುತ್ತೇನೆ. ಆಂಧ್ರದ ಜ್ವಾಲಾಪುರಂನಲ್ಲಿ ಸುಮಾರು 35 ಸಾವಿರ ವರ್ಷದ ಹಿಂದೆಯೇ ಉಗುರಿನಷ್ಟು ಪುಟ್ಟ ಕಲ್ಲಿನ ಅಲಗುಗಳು ಬಂದಿದ್ದವು. ಅಂಥವನ್ನು ಹಿಡಿಕೆಗೋ ಬಾಣಕ್ಕೋ ಸಾಲಾಗಿ ಅಂಟಿಸಬಹುದು. ಒಂದು ಮುರಿದರೆ ಅದೊಂದನ್ನೇ ಬದಲಿಸಿದರೆ ಸಾಕು.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಇನ್ನೊಂದು ತಿರುವು. ನವಶಿಲಾಯುಗದ ಬೇಸಾಯಗಾರರು ಗುಡ್ಡದ ಕರಿಕಲ್ಲು ಡಾಲರೈಟ್‌ನಿಂದ ಕೊಡಲಿ ಮಾಡುತ್ತಿದ್ದರು. ಮೊದಲು ಚಕ್ಕೆ ತೆಗೆದು ಆಕಾರ, ನಂತರ ಕುಟ್ಟಿ ಕುಟ್ಟಿ ಗುಬುಟು ತೆಗೆಯುವುದು, ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ಗಂಟೆಗಟ್ಟಲೆ ಉಜ್ಜುವುದು. ಉಜ್ಜಿ ಉಜ್ಜಿ ಬಂಡೆಯಲ್ಲೇ ಬಿದ್ದ ತೋಡುಗಳು ಈಗಲೂ ಇವೆ. ಅಲ್ಲಿನ ಚಕ್ಕೆಗಳ ರಾಶಿ ಒಂದು ಮನೆಯ ಬಳಕೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಬೇರೆಯವರಿಗಾಗಿ ಕೊಡಲಿ ಮಾಡುವವರು ಆಗಲೇ ಇದ್ದರು. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆ. ಹೋದರೆ ಹೊಳೆಯುವ ಕೊಡಲಿಗಳ ಮುಂದೆ ಮಾತ್ರ ನಿಲ್ಲಬೇಡಿ. ಅರ್ಧ ಮಾಡಿ ಬಿಟ್ಟ ಕಲ್ಲುಗಳನ್ನು ಹುಡುಕಿ, ಎಲ್ಲಿ ಮೆಟ್ಟಿಲಾಗಿ ನಿಂತಿದೆ, ಎಲ್ಲಿ ನಡುವೆ ಮುರಿದಿದೆ ಎಂದು ನೋಡಿ. ಮಾಡಿದವರ ಕೈ ಅಲ್ಲೇ ಹೆಚ್ಚು ಕಾಣುವುದು.

## ಹೊಲದಲ್ಲಿ ಕಂಡರೆ, ಮತ್ತು ನಿಮ್ಮ ಚೂರುಗಳು

ಹೊಲದಲ್ಲೋ ಹಳ್ಳದ ದಂಡೆಯಲ್ಲೋ ಹಳೆಯ ಚಕ್ಕೆ ಕಂಡಿತು ಎನಿಸಿದರೆ ಎತ್ತಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ಬಿಸಿಲು ಓರೆಯಾಗಿರುವಾಗ ಎರಡೂ ಕಡೆಯಿಂದ ಫೋಟೋ ತೆಗೆಯಿರಿ. ಫೋನಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ. ಸುತ್ತ ಇನ್ನೂ ಇವೆಯೇ, ಯಾವ ಮಣ್ಣಿನ ಪದರದಿಂದ ಹೊರಬರುತ್ತಿವೆ ಎಂದು ಬರೆದುಕೊಳ್ಳಿ. ಮುರಿದ ಮುಖದ ಬಣ್ಣ ಕಲ್ಲಿನ ಹೊರಮೈಯಷ್ಟೇ ಮಾಸಿದ್ದರೆ ಹಳೆಯದು, ಒಳಗಿನಂತೆ ಹೊಸದಾಗಿ ಹೊಳೆಯುತ್ತಿದ್ದರೆ ಇತ್ತೀಚಿನದು. ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಿ.

ಈಗ ಟಾರ್ಪಾಲಿನ ಮಾತು. ನೀವು ಒಂದು ಗಂಟೆ ಕೂತು ಎಬ್ಬಿಸಿದ ಚಕ್ಕೆಗಳನ್ನು ಎಲ್ಲೋ ಬಯಲಲ್ಲಿ ಚೆಲ್ಲಿದರೆ ನೂರು ವರ್ಷದ ನಂತರ ಬಂದವರಿಗೆ ಅದು ಹಳೆ ಶಿಲಾಯುಗದ ನೆಲೆಯಂತೆಯೇ ಕಾಣುತ್ತದೆ. ಅವರ ಲೆಕ್ಕ ತಪ್ಪಲು ನಾವೇ ಕಾರಣರಾಗುತ್ತೇವೆ. ಟಾರ್ಪಾಲನ್ನು ನಾಲ್ಕೂ ಮೂಲೆ ಹಿಡಿದು ಎತ್ತಿ. ಚೂರುಗಳನ್ನು ಗುಂಡಿಗೆ ಸುರಿಯಿರಿ, ಪುಡಿ ಏಳದಂತೆ ನೀರು ಚಿಮುಕಿಸಿ. ಮುಚ್ಚುವ ಮುಂಚೆ ಇಸವಿ ಸರಿಯಾಗಿ ಕಾಣುವ ಈ ವರ್ಷದ ಒಂದು ರೂಪಾಯಿ ನಾಣ್ಯವನ್ನು ಅದರ ಮೇಲೆ ಹಾಕಿ.